ಚಿಪ್ಪಣಬೆ ರೂಮಿನ ರ್‍ಯಾಕ್ ಲೆಕ್ಕ

"20ಕ್ಕೆ 15 ಅಡಿ ರೂಮು, ಎತ್ತರ 10 ಅಡಿ, ಸಾವಿರ ಬ್ಯಾಗ್ ಹಿಡಿಯುತ್ತಾ?"

ಇಲ್ಲ ಸರ್, ಸುಮಾರು 500 ಅಷ್ಟೇ. ಮೊದಲು ಓಡಾಡೋ ಜಾಗ ಕಳೀರಿ. 15 ಅಡಿಯಲ್ಲಿ ಎರಡೂ ಗೋಡೆ ಹತ್ರ ಅರ್ಧರ್ಧ ಅಡಿ ಬಿಟ್ಟು 2 ಅಡಿ ಅಗಲದ ರ್‍ಯಾಕ್ ನಾಲ್ಕು ಹಾಕಿದ್ರೆ ನಡುವೆ 2 ಅಡಿಯ ಮೂರು ದಾರಿ ಸಿಗುತ್ತೆ, ಅದಕ್ಕಿಂತ ಕಮ್ಮಿ ಆದ್ರೆ ಬುಟ್ಟಿ ಹಿಡ್ಕೊಂಡು ತಿರುಗೋಕೆ ಆಗಲ್ಲ. 20 ಅಡಿಯಲ್ಲಿ ಬಾಗಿಲ ಕಡೆ 3, ಹಿಂದೆ 1 ಬಿಟ್ರೆ ರ್‍ಯಾಕ್ ಉದ್ದ 16 ಅಡಿ. ಗಾಳಿಗೆ ಸಂದು ಬಿಟ್ಟು ಬ್ಯಾಗಿಗೆ ಒಂದು ಅಡಿ ಅಂತ ಇಟ್ರೆ ಉದ್ದಕ್ಕೆ 16, ಅಗಲಕ್ಕೆ 2, ಅಂದ್ರೆ ಒಂದು ಅಂತಸ್ತಿಗೆ 32.

ಅಂತಸ್ತುಗಳು ನೆಲದಿಂದ 1, 3, 5, 7 ಅಡಿಗೆ ಬರ್ಲಿ. 32 ಇಂಟು 4 ಅಂತಸ್ತು ಇಂಟು 4 ರ್‍ಯಾಕ್, 512. ಮೇಲಿನದಕ್ಕೆ ಸ್ಟೂಲ್ ಬೇಕು, ಅಲ್ಲಿ ಸೆಕೆನೂ ಜಾಸ್ತಿ, ಅದು ಬೇಡ ಅಂದ್ರೆ 384.

ಅಂತರ ಒಂದೂವರೆ ಅಡಿಗೆ ಇಳಿಸಿ ಇನ್ನೊಂದು ಅಂತಸ್ತು ತುರುಕಬೇಡಿ ದಯವಿಟ್ಟು, ನಾನು ಮಾಡಿ ಒಂದು ಬೆಳೆ ಹಾಳು ಮಾಡ್ಕೊಂಡೆ. ತುಂಬಿದ ಬ್ಯಾಗೇ ಹತ್ರತ್ರ ಒಂದೂವರೆ ಅಡಿ ಎತ್ತರ ಇರುತ್ತೆ, ಮೇಲಿನ ಹಲಗೆಗೆ ತಾಗಿ ಗಾಳಿನೂ ಆಡಲ್ಲ, ಸ್ಪ್ರೇ ನೀರೂ ಒಳಗೆ ಹೋಗಲ್ಲ. ಕಾಂಡ ಉದ್ದ ಆಗಿ ಕೊಡೆ ಚಿಕ್ಕದಾಗೇ ಉಳಿದ್ರೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಆಗಿದೆ ಅಂತ ತಿಳ್ಕೊಳ್ಳಿ.

ಬ್ಯಾಗು 4 ಕೆಜಿ ಅಂದ್ರೂ ಒಂದು ಅಂತಸ್ತಿಗೆ 128 ಕೆಜಿ ಭಾರ, 4 ಅಡಿಗೊಂದು ಕಾಲು ಕೊಡ್ಸಿ.