ಎಲ್ಲವೂ ದರೋಡೆಯಲ್ಲ

ಬೆಳಿಗ್ಗೆ ಟಿವಿ ಹಾಕಿದರೆ ದೊಡ್ಡ ಅಕ್ಷರದಲ್ಲಿ ‘ಮನೆ ದರೋಡೆ’ ಎಂಬ ಸುದ್ದಿ. ಮನೆಯವರು ಊರಿಗೆ ಹೋಗಿದ್ದರು, ಬೀಗ ಮುರಿದು ಒಡವೆ ಒಯ್ದಿದ್ದಾರೆ. ಒಳಗೆ ಯಾರೂ ಇರಲಿಲ್ಲ ಎಂದಮೇಲೆ ಹೆದರಿಸಿದ್ದು ಯಾರನ್ನು? ಅದು ಕನ್ನ ಕಳವು. ಇಷ್ಟು ವರ್ಷ ಕ್ರಿಮಿನಲ್ ವಕೀಲಿಕೆ ಮಾಡಿದ ಮೇಲೂ ಇಂಥದಕ್ಕೆ ‘ದರೋಡೆ’ ಎಂಬ ಪದ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಬಸ್ಸಿನಲ್ಲಿ ಒಬ್ಬ ನಿಮ್ಮ ಚೀಲದಿಂದ ಮೊಬೈಲ್ ಎತ್ತಿಕೊಂಡ ಎನ್ನಿ. ನಿಮ್ಮ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ವಸ್ತುವನ್ನು ಕದಲಿಸಿದ, ಅದು ಕಳವು. ‘ಹಣ ಕೊಡದಿದ್ದರೆ ನಿನ್ನ ಫೋಟೊ ಎಲ್ಲರಿಗೂ ಕಳುಹಿಸುತ್ತೇನೆ’ ಎಂದು ಹೆದರಿಸಿದಾಗ ನೀವೇ ಕೈಯಾರೆ ಕೊಟ್ಟರೆ ಅದು ಬೆದರಿಕೆ ವಸೂಲಿ. ಅವನು ಎದುರೇ ನಿಂತು, ಈಗಲೇ ಇರಿಯುತ್ತೇನೆಂದು ಚಾಕು ತೋರಿಸಿ, ಅಲ್ಲೇ ಕಿತ್ತುಕೊಂಡರೆ ಸುಲಿಗೆ. ಐದು ಅಥವಾ ಹೆಚ್ಚು ಜನ ಕೂಡಿ ಸುಲಿಗೆ ಮಾಡಿದರೆ, ಪ್ರಯತ್ನಿಸಿದರೂ ಸಾಕು, ಡಕಾಯಿತಿ. ಪಕ್ಕದಲ್ಲಿ ನಿಂತು ನೆರವಾದವನೂ ಆ ಐವರ ಲೆಕ್ಕಕ್ಕೆ ಸೇರುತ್ತಾನೆ.

‘ವಸ್ತು ಹೋದವರಿಗೆ ಹೆಸರು ಯಾವುದಾದರೇನು?’ ಎಂದು ನೆಂಟರೊಬ್ಬರು ಕೇಳಿದರು. ಆರೋಪಿಯ ಮನೆಯವರನ್ನು ಕೇಳಿ ನೋಡಿ ಎಂದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯ ಕಳವಿಗೆ ಮೂರು ವರ್ಷದವರೆಗೆ, ಸುಲಿಗೆಗೆ ಹತ್ತು ವರ್ಷದವರೆಗೆ ಶಿಕ್ಷೆ. ಡಕಾಯಿತಿಗೆ ಜೀವಾವಧಿಯೂ ಆಗಬಹುದು. ಹೆಸರು ತಪ್ಪಿದರೆ ಒಬ್ಬನ ಆಯುಸ್ಸೇ ತಪ್ಪುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಒಂದೇ ಕಡೆ. ಕಳವು ಮಾಡುವಾತ ಯಾರನ್ನಾದರೂ ತಳ್ಳಿದ ಮಾತ್ರಕ್ಕೆ ಅದು ಸುಲಿಗೆಯಾಗುವುದಿಲ್ಲ. ತಳ್ಳಿದ್ದು ಕಳವು ಮಾಡುವುದಕ್ಕಾಗಿಯೋ, ಕದ್ದದ್ದನ್ನು ಒಯ್ಯುವುದಕ್ಕಾಗಿಯೋ ಆಗಿರಬೇಕು. ಬಸ್ಸಿನ ಕಳ್ಳನ ಕೈ ಹಿಡಿದಿರಿ, ಅವನು ನಿಮ್ಮನ್ನು ಕಚ್ಚಿ ಮೊಬೈಲಿನೊಡನೆ ಓಡಿದ, ಅದು ಸುಲಿಗೆ. ಮೊಬೈಲ್ ಎಸೆದು, ಬರೀ ತಪ್ಪಿಸಿಕೊಳ್ಳಲು ಕಚ್ಚಿದ್ದರೆ ಕಳವು ಬೇರೆ, ಗಾಯ ಮಾಡಿದ್ದು ಬೇರೆ. ಎರಡಕ್ಕೂ ಶಿಕ್ಷೆಯಿದೆ, ಆದರೆ ಸುಲಿಗೆಯ ಆರೋಪ ನಿಲ್ಲುವುದಿಲ್ಲ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ವೃತ್ತಿಗೆ ಬಂದ ಹೊಸದರಲ್ಲಿ ಇಂಥದೇ ಪ್ರಕರಣದ ಹುಡುಗನ ಪರ ನಿಂತಿದ್ದೆ. ದೂರಿನಲ್ಲಿ ‘ಕಿತ್ತುಕೊಂಡು, ಹೊಡೆದು, ಪರಾರಿಯಾದ’ ಎಂದು ಒಂದೇ ಉಸಿರಿಗೆ ಬರೆದಿತ್ತು. ನಾನು ಆ ಸಾಲನ್ನು ಬಿಡಿಸಿ ನೋಡಲಿಲ್ಲ. ತಿಂಗಳುಗಳ ನಂತರ ಪಾಟಿ ಸವಾಲಿನಲ್ಲಿ ಸಾಕ್ಷಿಯನ್ನು ಕೇಳಿದೆ: ಅವನು ಹೊಡೆದಾಗ ಮೊಬೈಲ್ ಎಲ್ಲಿತ್ತು? ‘ಸೀಟಿನ ಕೆಳಗೆ ಬಿದ್ದಿತ್ತು, ಸ್ವಾಮಿ’ ಎಂದರು. ಹುಡುಗ ಅಷ್ಟೂ ತಿಂಗಳು ಜೈಲಿನಲ್ಲಿದ್ದ.