ಸ್ಪಷ್ಟನೆ: ಇಟಿಎಫ್ ಬೆಲೆಯನ್ನು ಹಿಡಿದಿಡುವವರು ಯಾರು?

ಇಟಿಎಫ್ ಎಂದರೆ ಷೇರುಪೇಟೆಯಲ್ಲಿ ಷೇರಿನಂತೆಯೇ ಕೊಂಡು ಮಾರುವ ಫಂಡ್; ಅದರ ಒಂದು ಯೂನಿಟ್‌ನ ಹಿಂದಿರುವ ಆಸ್ತಿಯ ಮೌಲ್ಯವೇ ಎನ್‌ಎವಿ. ಇವುಗಳ ಬಗ್ಗೆ ಹೀಗೊಂದು ಮಾತಿದೆ:

"ಇಟಿಎಫ್ ಬೆಲೆ ಎನ್‌ಎವಿ ಹತ್ತಿರವೇ ಇರೋ ಹಾಗೆ ಫಂಡ್ ಕಂಪನಿ ನೋಡಿಕೊಳ್ಳುತ್ತೆ. ಯಾವ ಇಟಿಎಫ್ ಆದರೂ ಸಿಕ್ಕ ಬೆಲೆಗೆ ತಗೊಳ್ಳಿ, ಮೋಸ ಇಲ್ಲ."

ತಪ್ಪು. ಬೆಲೆಯನ್ನು ಎನ್‌ಎವಿ ಹತ್ತಿರ ಎಳೆದು ತರುವುದು ಮಾರ್ಕೆಟ್ ಮೇಕರ್‌ಗಳ, ಅಂದರೆ ಯೂನಿಟ್ ಕೊಳ್ಳಲು-ಮಾರಲು ಸದಾ ಸಿದ್ಧವಿರುವ ದೊಡ್ಡ ವ್ಯಾಪಾರಿ ಸಂಸ್ಥೆಗಳ, ಲಾಭದ ಲೆಕ್ಕ. ಒಂದು ನಿಫ್ಟಿ ಇಟಿಎಫ್‌ನ ಎನ್‌ಎವಿ 260 ರೂಪಾಯಿ, ಮಾರುಕಟ್ಟೆ ಬೆಲೆ 262, ಫಂಡ್‌ನಿಂದ ನೇರವಾಗಿ ಪಡೆಯಬಹುದಾದ ಕನಿಷ್ಠ ಗಂಟು 50,000 ಯೂನಿಟ್ ಎಂದುಕೊಳ್ಳಿ. ಮಾರ್ಕೆಟ್ ಮೇಕರ್ ಸೂಚ್ಯಂಕದ ಷೇರುಗಳನ್ನು ಅದೇ ಪ್ರಮಾಣದಲ್ಲಿ 1.30 ಕೋಟಿಗೆ ಕೊಂಡು ಫಂಡ್‌ಗೆ ಒಪ್ಪಿಸುತ್ತಾರೆ, ಹೊಸ ಯೂನಿಟ್ ಪಡೆದು 1.31 ಕೋಟಿಗೆ ಮಾರುತ್ತಾರೆ. ಖರ್ಚು ಕಳೆಯುವ ಮುನ್ನ ಒಂದು ಲಕ್ಷ ಲಾಭ. ಈ ಮಾರಾಟದ ಒತ್ತಡಕ್ಕೇ ಬೆಲೆ ಇಳಿಯುತ್ತದೆ. ಬೆಲೆ ಎನ್‌ಎವಿಗಿಂತ ಕೆಳಗಿದ್ದರೆ ಯೂನಿಟ್ ಕೊಂಡು, ಫಂಡ್‌ಗೆ ಮರಳಿಸಿ, ಷೇರು ಪಡೆದು ಮಾರುತ್ತಾರೆ.

ಹೊಸ ಯೂನಿಟ್ ಹುಟ್ಟುವ ದಾರಿ ಮುಚ್ಚಿದರೆ ಈ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ವಿದೇಶಿ ಇಟಿಎಫ್‌ಗಳಲ್ಲಿ ಹೂಡಲು ನಮ್ಮ ಮ್ಯೂಚುವಲ್ ಫಂಡ್‌ಗಳಿಗೆಲ್ಲ ಸೇರಿ 100 ಕೋಟಿ ಡಾಲರ್ ಮಿತಿಯಿದೆ, ನೇರ ವಿದೇಶಿ ಷೇರುಗಳಿಗೆ 700 ಕೋಟಿ. ಮಿತಿ ತುಂಬಿದಾಗ ಅಮೆರಿಕದ ನಾಸ್ಡಾಕ್ 100ರಂಥ ಸೂಚ್ಯಂಕಗಳ ಇಟಿಎಫ್‌ಗಳಲ್ಲಿ ಕೊಳ್ಳುವವರು ಹೆಚ್ಚಿದರೂ ಯೂನಿಟ್ ಹೆಚ್ಚುವುದಿಲ್ಲ. ಬೆಲೆ ಎನ್‌ಎವಿಗಿಂತ ಶೇ 10 ಮೇಲಿದ್ದಾಗ ಕೊಂಡವರಿಗೆ, ಆ ಅಂತರ ಮುಚ್ಚಿದ ದಿನ, ಸೂಚ್ಯಂಕ ಕದಲದಿದ್ದರೂ ಸುಮಾರು ಶೇ 9 ನಷ್ಟ.

ಆರ್ಡರ್ ಹಾಕುವ ಮುನ್ನ ಫಂಡ್‌ನ ಜಾಲತಾಣದಲ್ಲಿ ಐ-ಎನ್‌ಎವಿ, ಅಂದರೆ ವಹಿವಾಟಿನ ವೇಳೆಯಲ್ಲಿ ಬದಲಾಗುತ್ತಿರುವ ಅಂದಾಜು ಎನ್‌ಎವಿ, ನೋಡಿ; ಅದರ ಆಸುಪಾಸಿನಲ್ಲೇ ನಿಮ್ಮ ಬೆಲೆ ಗೊತ್ತುಮಾಡಿ ಲಿಮಿಟ್ ಆರ್ಡರ್ ಹಾಕಿ. ವಿದೇಶಿ ಇಟಿಎಫ್ ಆದರೆ, ಅಲ್ಲಿನ ಮಾರುಕಟ್ಟೆ ಆಗ ಮುಚ್ಚಿದ್ದರೆ ಸಣ್ಣ ಅಂತರ ಸಹಜ. ವಾರಗಟ್ಟಲೆ ಉಳಿಯುವ ದೊಡ್ಡ ಅಂತರ ಹಾಗಲ್ಲ.