ಬಲಗೆನ್ನೆ ಅಂತಲೇ ಯಾಕೆ?

“ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ತೋರಿಸು ಅಂದ್ರೆ, ಏಟು ತಿಂದು ಸುಮ್ನಿರು ಅಂತ ತಾನೇ?”

ಯೇಸುವಿನ ಈ ಮಾತು ಇರುವ ಬೈಬಲ್‌ನ ಮತ್ತಾಯನ 5:39 ಓದಿ ನೋಡಿ ಸರ್. ಅಲ್ಲಿರುವುದು ಬರೀ ಕೆನ್ನೆ ಅಲ್ಲ, ‘ಬಲಗೆನ್ನೆ’. ಎದುರಿಗೆ ನಿಂತವರ ಬಲಗೆನ್ನೆಗೆ ನಿಮ್ಮ ಬಲಗೈಯಿಂದ ಹೊಡೆಯಲು ನೋಡಿ (ಸುಮ್ನೆ ಗಾಳಿಯಲ್ಲಿ!). ಅಂಗೈ ತಾಗುವುದಿಲ್ಲ, ಕೈಯ ಹಿಂಬದಿಯೇ ತಾಗುತ್ತದೆ. ಅದು ಜಗಳದ ಏಟಲ್ಲ, ಅವಮಾನದ ಏಟು. ಯಜಮಾನ ಆಳಿಗೆ, ಮೇಲಿನವನು ಕೆಳಗಿನವನಿಗೆ ‘ನಿನ್ನ ಜಾಗದಲ್ಲಿರು’ ಎಂದು ಹೇಳುವ ರೀತಿ. ಯೆಹೂದಿ ಕಾನೂನಿನ ಸಂಗ್ರಹವಾದ ಮಿಶ್ನಾದಲ್ಲಿ ಅಂಗೈಯಿಂದ ಕೆನ್ನೆಗೆ ಹೊಡೆದರೆ 200 ಜೂಜ್ ಎಂಬ ಬೆಳ್ಳಿ ನಾಣ್ಯ ದಂಡ, ಹಿಂಗೈಯಿಂದ ಹೊಡೆದರೆ 400. ನೋವು ಜಾಸ್ತಿ ಅಂತಲ್ಲ, ಮಾನ ಜಾಸ್ತಿ ಹೋಗುತ್ತದೆ ಅಂತ. ಮಿಶ್ನಾ ಬರಹಕ್ಕೆ ಬಂದದ್ದು ಯೇಸುವಿನ ಕಾಲ ಕಳೆದು ಸುಮಾರು 170 ವರ್ಷಕ್ಕೆ, ಆದರೂ ಆ ಸಮಾಜದ ಲೆಕ್ಕಾಚಾರ ಅದರಲ್ಲಿ ಕಾಣುತ್ತದೆ.

ಈಗ ಏಟು ತಿಂದವನು ಓಡಲಿಲ್ಲ, ತಿರುಗಿ ಹೊಡೆಯಲೂ ಇಲ್ಲ, ಎಡಗೆನ್ನೆ ಒಡ್ಡಿದ ಅನ್ನಿ. ಅಲ್ಲಿಗೆ ಬಲಗೈಯ ಹಿಂಬದಿಯಿಂದ ಹೊಡೆಯುವುದು ಕಷ್ಟ. ಹೊಡೆಯಲೇಬೇಕಾದರೆ ಸರಿಸಮಾನನಿಗೆ ಹೊಡೆದ ಹಾಗೆ ಹೊಡೆಯಬೇಕು. ಅವಮಾನದ ಆಟ ಅಲ್ಲೇ ಕೆಟ್ಟಿತು, ಅಲ್ವಾ?

ವಾಲ್ಟರ್ ವಿಂಕ್ ಎಂಬ ವಿದ್ವಾಂಸರು ಈ ಓದನ್ನು ಜನಪ್ರಿಯಗೊಳಿಸಿದರು. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಇದೇ ಮಾತು ಬರುವ ಲೂಕ 6:29ರಲ್ಲಿ ‘ಬಲ’ ಎಂಬ ಪದವೇ ಇಲ್ಲ. ನನಗಂತೂ ಮತ್ತಾಯನು ಆ ಪದವನ್ನು ಸುಮ್ನೆ ಇಟ್ಟ ಅನ್ನಿಸುವುದಿಲ್ಲ.